ದುಕ್ಖಕ್ಕೊಂದು ಕನ್ನಡ ಮಾತು

ಪುನರ್ವಸತಿ ಕೇಂದ್ರ, ಗಲಗಲಿ
12 ಆಗಸ್ಟ್ 2001

ಮಾನ್ಯ ಕೇತಕಿಬಾಯಿಯವರಿಗೆ,

ಸವಿನಯ ವಂದನೆಗಳು. ನಾನು ಧರ್ಮರಾಜ, ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಹೋದ ಚಳಿಗಾಲದಲ್ಲಿ ಮುಧೋಳದ ಕಾಲೇಜಿನಲ್ಲಿ ತಾವು ಪಾಳಿ ಭಾಷೆಯ ಮೇಲೆ ಮಾತಾಡಿದಾಗ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೆ. ಪುಣೆಯಲ್ಲಿ ಇಡೀ ಆಯುಷ್ಯ ಪಾಳಿ ಕಲಿಸಿದವರು ಈಗ ಜಮಖಂಡಿಯಲ್ಲೇ ಇದ್ದಾರೆಂದು ತಿಳಿದಾಗಿನಿಂದ ಬರೆಯಬೇಕೆಂದಿದ್ದೆ.

ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಮೇಲೆ ಈ ಹೊಸ ಊರಿನಲ್ಲಿ ತಗಡಿನ ಮಾಡಿನ ಒಂದು ಸಣ್ಣ ವಿಹಾರ ಕಟ್ಟಿಕೊಂಡಿದ್ದೇವೆ. ಹುಣ್ಣಿಮೆಗೊಮ್ಮೆ ಎಲ್ಲರೂ ಸೇರಿ ಪಾಳಿಯಲ್ಲಿ ಪಠಣ ಮಾಡುತ್ತೇವೆ. ದನಿ ಛಲೋ ಇರುತ್ತದೆ, ಅರ್ಥ ಯಾರಿಗೂ ಆಗುವುದಿಲ್ಲ. ಅದಕ್ಕೇ ಕನ್ನಡದಲ್ಲಿ ನಾಲ್ಕು ಪುಟದ ಪಠಣ ಪತ್ರಿಕೆ ಅಚ್ಚು ಹಾಕಿಸಬೇಕೆಂದು ಹೊರಟಿದ್ದೇನೆ. ಕರಡು ಜೊತೆಗಿದೆ. ದುಕ್ಖ ಎಂಬಲ್ಲಿ ದುಃಖ, ತಣ್ಹಾ ಎಂಬಲ್ಲಿ ಆಸೆ, ಮೆತ್ತಾ ಎಂಬಲ್ಲಿ ಮೈತ್ರಿ ಎಂದು ಇಟ್ಟಿದ್ದೇನೆ. ಸರಿಯೇ?

ನಮ್ಮಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು ಕರಡು ಕೇಳಿ, ಇದ್ದದ್ದೆಲ್ಲಾ ದುಃಖ ಅಂದರೆ ಸುಖವಾಗಿ ಬಾಳಿದವರೂ ದುಃಖವೇನು ಎಂದು ಕೇಳಿದಳು. ಅದಕ್ಕೆ ತಾವೇ ಉತ್ತರ ಹೇಳಬೇಕು. ತಮ್ಮ ಸಲಹೆಯ ದಾರಿ ಕಾಯುತ್ತೇನೆ.

ತಮ್ಮ ವಿಶ್ವಾಸದ,
ಧರ್ಮರಾಜ


ಜಮಖಂಡಿ
25 ಆಗಸ್ಟ್ 2001

ಶ್ರೀ ಧರ್ಮರಾಜ ಮಾಸ್ತರಿಗೆ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಪುಣೆಯಿಂದ ಬಂದಾಗಿನಿಂದ ಪಾಳಿಯ ಒಂದು ಮಾತನ್ನೂ ಯಾರೂ ಕೇಳಿರಲಿಲ್ಲ. ಇಲ್ಲಿ ನಾನು, ನನ್ನ ತೀರಿಹೋದ ಅಣ್ಣನ ಹೆಂಡತಿ ಇಂದಿರಾಬಾಯಿ, ಇಬ್ಬರೇ. ಮಧ್ಯಾಹ್ನ ಬಿಸಿಲು ಹಜಾರದ ಕಂಬಗಳ ನಡುವೆ ಸರಿದು ಹೋಗುವುದನ್ನು ನೋಡುತ್ತ ಕೂಡುತ್ತೇನೆ. ಎಷ್ಟೋ ಸಲ ಕಣ್ಣು ತೆರೆದೇ ನಿದ್ದೆ ಹೋಗಿರುತ್ತೇನೆ.

ಕರಡು ನೋಡಿದೆ. ದುಃಖ ಎಂಬುದು ಎರಡು ಸಾವಿರ ವರ್ಷದ ರೂಢಿ, ಇರಲಿ. 'ದುಃಖಕ್ಕೆ ಆಸೆಯೇ ಮೂಲ' ಎಂಬುದು ಜನಕ್ಕೆ ತಿಳಿದ ಮಾತು, ಗೋಡೆಯ ಮೇಲೂ ಬರೆದಿರುತ್ತಾರೆ, ಅದನ್ನೇ ಇಡಿ. ಶಾಸ್ತ್ರದ ಸೂಕ್ಷ್ಮ ಪಠಣದಲ್ಲಿ ಬೇಕಿಲ್ಲ. ಮೈತ್ರಿ ಮಾತ್ರ ಬದಲಿಸಿ. ಸುದ್ದಿಪತ್ರಿಕೆ ತೆರೆದರೆ ದಿನಾ ಮೈತ್ರಿಕೂಟ, ಮೈತ್ರಿಕೂಟ ಎಂದೇ ಇರುತ್ತದೆ. ನಿಮ್ಮವರು ಹುಣ್ಣಿಮೆಯ ದಿನ ಮಂತ್ರಿಗಳನ್ನು ನೆನೆದಾರು. 'ದಯೆ' ಎಂದೋ 'ಪ್ರೀತಿ' ಎಂದೋ ಇಡಿ. 'ತಾಯಿ ಒಬ್ಬನೇ ಮಗನನ್ನು ಪ್ರೀತಿಸುವಂತೆ ಎಲ್ಲರನ್ನೂ ಪ್ರೀತಿಸು' ಎಂದರೆ ಓದಲು ಚೆಂದ.

ಆ ಹೆಣ್ಣುಮಗಳ ಪ್ರಶ್ನೆ ಎಲ್ಲ ಕಾಲದಲ್ಲೂ ಇದ್ದದ್ದೇ. ಸುಖವೂ ಕೊನೆಗೆ ದುಃಖವೇ ಎಂದು ತಿಳಿಸಿ ಹೇಳಿ.

ಬಸ್ಸಿನ ದಾರಿಯಷ್ಟೇ ಅಲ್ಲವೇ? ಒಮ್ಮೆ ಮನೆಗೆ ಬನ್ನಿ, ಕೂತು ನೋಡೋಣ.

ಕೇತಕಿ


ಗಲಗಲಿ
3 ಅಕ್ಟೋಬರ್ 2001

ಮಾನ್ಯರೇ,

ತಮ್ಮ ತಿದ್ದುಪಡಿಗಳು ತಲುಪಿದವು, ಉಪಕಾರವಾಯಿತು. ಮುಧೋಳದಲ್ಲಿ ಅಚ್ಚು ಹಾಕಿಸಿ ತಂದೆವು, ಹುಣ್ಣಿಮೆಯ ದಿನ ಓದಿದೆವು. ಪತ್ರದ ಜೊತೆ ಒಂದು ಪ್ರತಿ ಇಟ್ಟಿದ್ದೇನೆ.

ಮನೆಗೆ ಬರುವುದು ಆಗಲಿಲ್ಲ.

ಧರ್ಮರಾಜ


ಜಮಖಂಡಿ
19 ನವೆಂಬರ್ 2001

ಧರ್ಮರಾಜ ಮಾಸ್ತರಿಗೆ,

ನಿಮ್ಮ ಪತ್ರಿಕೆ ದಿನಾ ಒಮ್ಮೆ ತೆರೆಯುತ್ತೇನೆ. ಅದರ ಕಾಗದದ ವಾಸನೆ ನನ್ನನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಮೆತ್ತಾಕ್ಕೆ 'ದಯೆ' ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ಈಚೆಗೆ ಅನುಮಾನ ಬರುತ್ತಿದೆ. ಪಾಳಿಯಲ್ಲಿ ಮಿತ್ತ ಎಂದರೆ ಗೆಳೆಯ, ಆ ಮಾತಿನಿಂದಲೇ ಮೆತ್ತಾ. ಮರಾಠಿಯಲ್ಲಿ ತಾಯಿಯ ಅಕ್ಕರೆಗೆ 'ಮಾಯಾ' ಅನ್ನುತ್ತೇವೆ, ಎಷ್ಟು ಮೆತ್ತಗಿನ ಮಾತು. ಅದನ್ನೇ ಕನ್ನಡಕ್ಕೆ ತಂದರೆ ಭ್ರಮೆ ಆಗಿ ಕೂಡುತ್ತದೆ. ಕೃಷ್ಣೆ ದಾಟುವಷ್ಟರಲ್ಲಿ ಮಾತಿನ ಮುಖವೇ ಬೇರೆ.

ಈ ಮನೆಯಲ್ಲಿ ವೈನಿಗೂ, ಅಂದರೆ ಅತ್ತಿಗೆ ಇಂದಿರಾಬಾಯಿಗೂ, ನನಗೂ ಮಾತು ಕಡಿಮೆ. ಅವರು ಉಂಡ ಮೇಲೆ ನಾನು ಉಣ್ಣುತ್ತೇನೆ. ಜಗಳವೇನೂ ಇಲ್ಲ, ಹಾಗೇ ರೂಢಿಯಾಗಿದೆ. ಹೀಗಾಗಿ ಶಬ್ದಗಳ ಕೂಡ ಮಾತಾಡುತ್ತೇನೆ.

ನಿಮ್ಮವರಿಗೆ ಪಠಣ ಹಿಡಿಸಿತೇ? ಆ ವಯಸ್ಸಾದ ಹೆಣ್ಣುಮಗಳಿಗೆ ಸಮಾಧಾನವಾಯಿತೇ?

ಕೇತಕಿ


ಜಮಖಂಡಿ
20 ಜನವರಿ 2002

ಧರ್ಮರಾಜ ಮಾಸ್ತರಿಗೆ,

ಸಂಕ್ರಮಣದ ಶುಭಾಶಯ. ಉತ್ತರ ಬರಲಿಲ್ಲ. ಅಚ್ಚಾದ ಮೇಲೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿರೋ ಏನೋ. ಹಾಗಿದ್ದರೆ ತಪ್ಪೇನಿಲ್ಲ, ಹೇಳಿಬಿಡಿ. ಟಪಾಲಿನವನ ಸೈಕಲ್ಲಿನ ಗಂಟೆಗೆ ಎದ್ದು ಬಾಗಿಲಿಗೆ ಹೋಗುವುದು ಈ ವಯಸ್ಸಿಗೆ ಚೆಂದ ಕಾಣುವುದಿಲ್ಲ.

ಕೇತಕಿ


ಗಲಗಲಿ
17 ಫೆಬ್ರುವರಿ 2002

ಕೇತಕಿಬಾಯಿಯವರಿಗೆ,

ಜೈಭೀಮ್. ಮೊದಲ ಪತ್ರದಲ್ಲೇ ಹೀಗೆ ಬರೆಯಬೇಕಾಗಿತ್ತು, ಬರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ನಾನು ನಿಮ್ಮ ಮನೆಗೆ ಬಂದಿದ್ದೆ. ಬಾಗಿಲು ತೆಗೆದ ವಯಸ್ಸಾದ ಬಾಯಾರು ನೀವು ನಿದ್ದೆಯಲ್ಲಿದ್ದೀರಿ ಎಂದರು. ಯಾವ ಊರು ಎಂದು ಕೇಳಿದರು, ಹೇಳಿದೆ. ಯಾವ ಪೈಕಿ ಎಂದು ಕೇಳಿದರು. ನಾನು ಹೇಳಲೂ ಇಲ್ಲ, ಅವರು ಒಳಗೆ ಬಾ ಅನ್ನಲೂ ಇಲ್ಲ. ಅವರು ಕೆಟ್ಟ ಮಾತೇನೂ ಆಡಲಿಲ್ಲ, ಅದು ಖರೆ. ನಾನೇ ಬಸ್‌ಸ್ಟ್ಯಾಂಡಿಗೆ ತಿರುಗಿ ಹೋದೆ. ದಯೆ ಎಂಬ ನಿಮ್ಮ ಶಬ್ದ ಕಿಸೆಯಲ್ಲಿತ್ತು. ದಯೆ ಮೇಲಿನಿಂದ ಕೆಳಗೆ ಬರುವಂಥಾದ್ದು, ಕೆಳಗೆ ನಿಂತವರಿಗೆ ಅದರ ತೂಕ ಗೊತ್ತಾಗುತ್ತದೆ. ಆದರೂ ಅಚ್ಚು ಹಾಕಿಸಿದೆ, ಯಾಕೆಂದರೆ ನೀವು ತಿಳಿದವರು.

ಇದಕ್ಕಲ್ಲ ಉತ್ತರ ಬರೆಯದೇ ಇದ್ದದ್ದು.

ಆ ವಯಸ್ಸಾದ ಹೆಣ್ಣುಮಗಳು ನನ್ನ ತಾಯಿ ಮುದಕವ್ವ. 2000ದ ಮಳೆಗಾಲದಲ್ಲಿ ಹಿನ್ನೀರು ಹಳೆಯ ಊರಿಗೆ ಏರಿತು. ನಾವು ಸಾಮಾನು ಸಾಗಿಸಿದ್ದೆವು, ಅಪ್ಪ ಇದ್ದಾಗ ಮಾಡಿಸಿದ ಬೇವಿನ ಬಾಗಿಲ ಚೌಕಟ್ಟು ಮಾತ್ರ ಹಳೇ ಗೋಡೆಯಲ್ಲೇ ಉಳಿದಿತ್ತು. 'ಅದೊಂದು ಬೇಕಿತ್ತು ನೋಡು, ಹೊಸ ಮನಿಗೆ ಹಚ್ಚಬೇಕಂತ ಭಾಳ ಆಸೆ ಇತ್ತು' ಎಂದಳು ಅವ್ವ. ನನ್ನ ತಮ್ಮ ಬಾಳೇಶ ಹರಗೋಲು ತೊಗೊಂಡು ಹೋದ. ಚೌಕಟ್ಟು ಕಿತ್ತು ಹರಗೋಲಿಗೆ ಹಾಕುವಾಗ ಗೋಡೆ ಜರಿಯಿತು. ಮರುದಿನ ಸಿಕ್ಕ.

ಅವ್ವ ಅತ್ತಳು, ಆಮೇಲೆ ನಿಧಾನಕ್ಕೆ ಉಣ್ಣಲು, ಮಾತಾಡಲು ಸುರು ಮಾಡಿದ್ದಳು. ಮಧ್ಯಾಹ್ನ ನೀರಿನ ದಂಡೆಗೆ ಹೋಗಿ ಕೂತು, ಊರು ಕೆಳಗೆ ಹಾಗೇ ಐತಿ, ಬಾಗಿಲು ತೆರೆದೈತಿ ಎಂದು ಹೇಳುತ್ತಿದ್ದಳು. ಕನಸಿನಲ್ಲಿದ್ದಂತೆ ಹೇಳುತ್ತಿದ್ದಳು, ಆದರೆ ಮುಖ ಶಾಂತವಿತ್ತು. ಹುಣ್ಣಿಮೆಯ ದಿನ ನಾನೇ ಎದ್ದು ನಿಂತು ಗಟ್ಟಿ ದನಿಯಲ್ಲಿ ಓದಿದೆ, ದುಃಖಕ್ಕೆ ಆಸೆಯೇ ಮೂಲ. ಅವ್ವ ನನ್ನ ಮುಖ ನೋಡಿದಳು. 'ತಾಯಿ ಒಬ್ಬನೇ ಮಗನನ್ನು' ಎಂಬಲ್ಲಿಗೆ ಬರುವಷ್ಟರಲ್ಲಿ ಎದ್ದು ಹೋಗಿದ್ದಳು. ಮನೆಗೆ ಬಂದಾಗ ಒಂದೇ ಮಾತು ಅಂದಳು.

'ನಿಮ್ಮ ಬುದ್ಧಗೂ ಗೊತ್ತಾತಲ್ಲೋ. ನನ್ನ ಆಸೀನ ನನ್ನ ಮಗನ್ನ ತಿಂತಂತ.'

ಅವತ್ತಿನಿಂದ ಅವ್ವ ಏನನ್ನೂ ಕೇಳುವುದಿಲ್ಲ. ಕೊಟ್ಟರೆ ಉಣ್ಣುತ್ತಾಳೆ, ಕೊಡದಿದ್ದರೆ ಇಲ್ಲ. ನನ್ನ ಹೆಂಡತಿ ಸಂಧ್ಯಾ ಹೊತ್ತು ಹೊತ್ತಿಗೆ ನೀರು ಮುಂದೆ ಹಿಡಿಯುತ್ತಾಳೆ, ಇಲ್ಲದಿದ್ದರೆ ನೀರೂ ಬೇಡುವುದಿಲ್ಲ. ಬೇಕು ಅಂದರೆ ಯಾರಿಗಾದರೂ ಏನಾದರೂ ಆಗುತ್ತದೆ ಎಂದು ಅಂಜಿದ್ದಾಳೆ.

ಶಾಸ್ತ್ರದ ಸೂಕ್ಷ್ಮ ಪಠಣದಲ್ಲಿ ಬೇಕಿಲ್ಲ ಎಂದು ಬರೆದಿದ್ದಿರಿ. ನಮ್ಮವ್ವಗೆ ಬೇಕಾಗಿತ್ತು.

ಧರ್ಮರಾಜ


ಜಮಖಂಡಿ
14 ಮಾರ್ಚ್ 2002

ಧರ್ಮರಾಜ,

ನಿಮ್ಮ ಪತ್ರ ಬಂದ ಮೇಲೆ ನಾಲ್ಕು ಸಲ ಬರೆದು ಹರಿದೆ. ಕ್ಷಮೆ ಕೇಳಿ ಹಗುರಾಗುವುದು ಈಗ ನನ್ನ ಕೆಲಸವಲ್ಲ. ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡುತ್ತೇನೆ. ನಿಧಾನವಾಗಿ ಓದಿ, ತಪ್ಪು ಕಂಡರೆ ಬಿಡಬೇಡಿ.

ಮೊದಲು ತಣ್ಹಾ. ಅದರ ನೇರ ಅರ್ಥ ನೀರಡಿಕೆ, ಸಂಸ್ಕೃತದ ತೃಷ್ಣೆ. ಆಸೆ ಅಲ್ಲ. ಬಯಕೆಗೆ, ಭರವಸೆಗೆ ಪಾಳಿಯಲ್ಲಿ ಬೇರೆ ಮಾತುಗಳಿವೆ. ಆಸಾ ಎಂಬುದೇ ಇದೆ. ಛಂದ ಎಂದರೆ ಮಾಡಬೇಕೆಂಬ ಮನಸ್ಸು, ಒಳ್ಳೆಯ ದಾರಿ ಹಿಡಿಯುವುದಕ್ಕೂ ಅದು ಬೇಕೇ ಬೇಕು. ಬೇಕು ಎನ್ನುವುದೆಲ್ಲ ತಪ್ಪಾಗಿದ್ದರೆ ಬುದ್ಧ ಹಸಿದಾಗ ಭಿಕ್ಷಾಪಾತ್ರೆ ಹಿಡಿಯುತ್ತಿರಲಿಲ್ಲ. ತಣ್ಹಾ ಎಂಬುದು ಕುಡಿದಷ್ಟೂ ತೀರದ ನೀರಡಿಕೆ, ಇದು ಹೀಗೇ ಇರಬೇಕು, ನನ್ನದಾಗಿಯೇ ಇರಬೇಕು ಎಂದು ಮತ್ತೆ ಮತ್ತೆ ಹಿಡಿದುಕೊಳ್ಳುವುದು. ಅದರಲ್ಲಿ ಮೂರು ಬಗೆ ಹೇಳುತ್ತಾರೆ. ಭೋಗದ ನೀರಡಿಕೆ, ಇರಬೇಕೆಂಬ ನೀರಡಿಕೆ, ಮೂರನೆಯದು ವಿಭವತಣ್ಹಾ, ಅಂದರೆ ಇಲ್ಲವಾಗಬೇಕೆಂಬ ನೀರಡಿಕೆ. ಏನೂ ಬೇಡ, ನಾನೇ ಬೇಡ ಎಂದು ಕೂಡುವುದೂ ಬಿಡುಗಡೆಯಲ್ಲ, ಅದೂ ಒಂದು ನೀರಡಿಕೆಯೇ. ಈ ಮಾತನ್ನು ತಾಯಿಯವರಿಗೆ ಹೇಳುವಾಗ ಜೋಪಾನ. ಇದು ಇನ್ನೊಂದು ಆರೋಪ ಆಗಬಾರದು.

ಇನ್ನು 'ಮೂಲ' ಎಂದರೆ ಏನು? ಯಾರೋ ಚೌಕಟ್ಟು ಬಯಸಿದ್ದರಿಂದ ಗೋಡೆ ಬಿತ್ತು ಎಂದು ಎಲ್ಲಿಯೂ ಹೇಳಿಲ್ಲ. ಗೋಡೆ ಬಿದ್ದದ್ದು ಹಸಿ ಮಣ್ಣಿನಿಂದ, ಏರಿದ ನೀರಿನಿಂದ. ಆಗಿದ್ದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವುದನ್ನೂ ಬುದ್ಧ ಒಪ್ಪಲಿಲ್ಲ. ಪಿತ್ತದಿಂದ, ಗಾಳಿಯಿಂದ, ಋತು ಬದಲಾಗುವುದರಿಂದ, ಅವಘಡದಿಂದ ನೋವು ಬರುತ್ತದೆ ಎಂದ. ತಣ್ಹಾ ಮೂಲ ಎಂದದ್ದು ಘಟನೆಗೆ ಅಲ್ಲ, ಮನಸ್ಸು ಕಟ್ಟಿಹಾಕಿಕೊಂಡು ಒದ್ದಾಡುವುದಕ್ಕೆ. ಅಪರಾಧಿ ಯಾರು ಎಂದು ತೋರಿಸಲಿಕ್ಕೆ ಆ ಸತ್ಯ ಹುಟ್ಟಿದ್ದಲ್ಲ, ಗಂಟು ಎಲ್ಲಿ ಬಿಚ್ಚಬೇಕು ಎಂದು ತೋರಿಸಲಿಕ್ಕೆ.

ಎರಡನೆಯದು ದುಕ್ಖ. ಇಲ್ಲಿ ನನ್ನ ಬೇಜವಾಬ್ದಾರಿ ದೊಡ್ಡದು. ಕನ್ನಡದಲ್ಲಿ ದುಃಖ ಎಂದರೆ ಸತ್ತವರ ಮನೆಯಲ್ಲಿರುವುದು. ಪಾಳಿಯಲ್ಲಿ ಅದಕ್ಕೆ ಸೋಕ ಎಂಬ ಬೇರೆ ಮಾತಿದೆ, ಗೋಳಾಟಕ್ಕೆ ಪರಿದೇವ, ಮನಸ್ಸಿನ ನೋವಿಗೆ ದೋಮನಸ್ಸ, ಕೈಚೆಲ್ಲಿದ ನಿರಾಶೆಗೆ ಉಪಾಯಾಸ. ಸೋಕವೂ ದುಕ್ಖ ಎಂದು ಮೂಲ ಹೇಳುತ್ತದೆ. ನಿಮ್ಮ ಪತ್ರಿಕೆಯಲ್ಲಿ ಅದು 'ದುಃಖವೂ ದುಃಖ' ಎಂದಾಗಿದೆ, ನಾನು ಕಣ್ಣು ಹಾಯಿಸಿ ಬಿಟ್ಟೆ. ದುಕ್ಖ ಅದಕ್ಕಿಂತ ಅಗಲ. ಮೈಮನಸ್ಸಿನ ನೋವು ಒಂದು. ಛಲೋ ಇದ್ದದ್ದು ಬದಲಾಗಿ ಹೋಗುವುದರ ನೋವು ಎರಡನೆಯದು. ಕೂಡಿ ಆದದ್ದು, ಅಂದರೆ ಹಲವು ಸೇರಿ ಉಂಟಾದದ್ದು, ಯಾವುದೂ ಪೂರ್ತಿ ಭಾರ ಹೊರಲಾರದು, ಅದು ಮೂರನೆಯದು. ಮತ್ತೆ ಪಾಳಿಯಲ್ಲಿ ಆ ಮಾತು ಹೆಸರೂ ಹೌದು, ಗುಣ ಹೇಳುವ ಮಾತೂ ಹೌದು, ಒಂದನ್ನು ದುಕ್ಖ ಎಂದರೆ ಅದು ನಿಲ್ಲುವಂಥಾದ್ದಲ್ಲ ಎಂದಷ್ಟೇ. ಅಂದರೆ, ಬಾಳೇಶ ದುಃಖವಲ್ಲ. ಅವನಿಂದ ಬಂದ ಸುಖವನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಸುಖವೂ ಉಂಟು ಎಂದೇ ಬುದ್ಧ ಹೇಳಿದ್ದ, ಇಲ್ಲದಿದ್ದರೆ ಜನ ಯಾಕೆ ಹಚ್ಚಿಕೊಳ್ಳುತ್ತಿದ್ದರು? 'ಸುಖವೂ ಕೊನೆಗೆ ದುಃಖವೇ' ಎಂದು ನಾನು ಬರೆದದ್ದನ್ನು ಹೊಡೆದುಹಾಕಿ.

ಬುದ್ಧ ಹೇಳಿದ ನಾಲ್ಕು ಸತ್ಯಗಳಿಗೂ ಒಂದೊಂದು ಕೆಲಸವಿದೆ. ನೀರಡಿಕೆಯನ್ನು ಬಿಡಬೇಕು, ಅದು ಅಡಗುವುದನ್ನು ಕಾಣಬೇಕು, ದಾರಿಯನ್ನು ನಡೆಯಬೇಕು. ದುಕ್ಖವನ್ನು ಮಾತ್ರ ಪೂರ್ತಿ ತಿಳಿಯಬೇಕು, ಪರಿಞ್ಞೆಯ್ಯ. ಕಿತ್ತು ಒಗೆಯಬೇಕು ಎಂದಿಲ್ಲ, ನಾಚಿಕೊಳ್ಳಬೇಕು ಎಂದೂ ಇಲ್ಲ. 'ಹೊರಲು ಕಷ್ಟ' ಮತ್ತು 'ನಿಲ್ಲುವುದಿಲ್ಲ', ಎರಡೂ ಒಂದೇ ಉಸಿರಿನಲ್ಲಿ ಬರುವ ಕನ್ನಡ ಮಾತು ನನಗೆ ಹೊಳೆಯುತ್ತಿಲ್ಲ. ಸಂಕಟ, ಬೇನೆ, ಅಳಲು, ತ್ರಾಸ, ಎಲ್ಲವೂ ಅರ್ಧ ದಾರಿಗೆ ನಿಲ್ಲುತ್ತವೆ. ನೀವು ಕನ್ನಡ ಮಾಸ್ತರು, ಹುಡುಕಿರಿ.

ಮೂರನೆಯದು ಮೆತ್ತಾ. ದಯೆ ಬೇಡ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕಷ್ಟದಲ್ಲಿದ್ದವರನ್ನು ನೋಡಿ ಕರಗುವುದಕ್ಕೆ ಕರುಣಾ ಎಂಬ ಬೇರೆ ಮಾತಿದೆ. ಮೆತ್ತಾ ಸರಿಸಮಾನ ನೆಲದಲ್ಲಿ ಹುಟ್ಟುವುದು, ಎದುರಿನವರು ಸುಖವಾಗಿರಲಿ ಎಂಬ ಗೆಳೆಯನ ಮನಸ್ಸು. ಪ್ರೀತಿಯೂ ಬೇಡ. ಅಂಟಿಕೊಳ್ಳುವ ರಾಗವನ್ನು ಮೆತ್ತಾದ ಹತ್ತಿರದ ಶತ್ರು ಎನ್ನುತ್ತಾರೆ, ದ್ವೇಷವನ್ನು ದೂರದ ಶತ್ರು. ದೂರದ್ದು ಕಂಡು ಹಿಡಿಯಬಹುದು, ಹತ್ತಿರದ್ದು ಮೆತ್ತಾದ ಅಂಗಿಯನ್ನೇ ಹಾಕಿಕೊಂಡು ಬರುತ್ತದೆ. ಗೆಳೆತನ ಎಂದರೆ ಹೇಗೆ? ಗೆಳೆತನಕ್ಕೆ ಇಬ್ಬರು ಬೇಕು, ಮೆತ್ತಾಕ್ಕೆ ಎದುರಿನವರು ಕೈ ಚಾಚಲೇಬೇಕೆಂದಿಲ್ಲ. ಅದಕ್ಕೇ 'ಗೆಳೆತನದ ಮನಸ್ಸು' ಎಂದು ಇಡೋಣ.

ತಾಯಿಯ ಮಾತು ಬರುವಲ್ಲಿ 'ಪ್ರೀತಿಸುವಂತೆ' ಎಂದು ನಾನೇ ಸೇರಿಸಿದ್ದು, ಮೂಲದಲ್ಲಿಲ್ಲ. ಅಲ್ಲಿರುವುದು ಕಾಯುವುದು. ಜೀವ ಒತ್ತೆಯಿಟ್ಟು ತಾಯಿ ಮಗುವನ್ನು ಕಾಯುವ ಹಾಗೆ ಈ ಅಳತೆಯಿಲ್ಲದ ಮನಸ್ಸನ್ನು ಬೆಳೆಸಬೇಕು ಎಂದು. ಅಲ್ಲಿ ತಾಯಂದಿರನ್ನು ತೂಗಿಲ್ಲ. ಕಾಯುವುದು ಎಷ್ಟು ದೊಡ್ಡದು ಎನ್ನುವುದಕ್ಕೆ ಅವರಿಗಿಂತ ಬಲವಾದ ಸಾಕ್ಷಿ ಸಿಗಲಿಲ್ಲ, ಅಷ್ಟೇ.

ವೈನಿಯ ಕೂಡ ನಿಮ್ಮ ಬಗ್ಗೆ ಮಾತಾಡಿದೆ. ಬಹಳ ವರ್ಷಕ್ಕೆ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು. ಸುಲಭವಾಗಿರಲಿಲ್ಲ. ಕೊನೆಗೆ ಅವರು, 'ಆ ಹುಡುಗ ಬಿಸಿಲಾಗ ನೀರೂ ಕುಡೀದ ಹೋದಾ' ಎಂದರು. ಅದನ್ನು ಅಷ್ಟೇ ಅಂತ ಓದಿ, ಹೆಚ್ಚಿಗೆ ಓದಬೇಡಿ.

ಕೇತಕಿ


ಗಲಗಲಿ
21 ಏಪ್ರಿಲ್ 2002

ಕೇತಕಿಬಾಯಾರಿಗೆ,

ಪತ್ರ ಕೈಯಲ್ಲಿ ಹಿಡಿದುಕೊಂಡು ಒಂದು ವಾರ ತಿರುಗಾಡಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದೈತ್ರಿ. ಹಳೇ ಊರಿನ ಹುಣಸೀಗಿಡದ ಒಣ ಟೊಂಗಿ ನೀರಿನ ಮ್ಯಾಲೆ ಕಾಣ್ತಾವ, ಬೆಳ್ಳಕ್ಕಿ ಕೂತಿರ್ತಾವ. ಮುಂಜಾನೆ ಮಂಜಿನಾಗ ನೋಡಿದ್ರ ಊರು ಈಗ ಎದ್ದು ಒಲಿ ಹಚ್ಚೈತೇನೋ ಅನಸ್ತದ. ಅಲ್ಲೇ ಕೂತು ಶಬ್ದ ಹುಡುಕಿದೆ.

ತಾಳು ಎಂಬ ಮಾತು ನೋಡ್ರಿ. ಸೀರಿ ಬಾಳ ದಿನ ತಾಳ್ತು ಅಂತೀವಿ, ಅಂದರೆ ಬಾಳಿಕೆ ಬಂತು. ನೋವು ತಾಳಲಾರೆ ಅಂತೀವಿ, ಅಂದರೆ ಹೊರಲಾರೆ. ಉಳಿಯುವುದೂ ತಾಳುವುದೇ, ಸಹಿಸುವುದೂ ತಾಳುವುದೇ. ತಾಳದ್ದು ಎಂದರೆ ಉಳಿಯದ್ದು, ಹೊರಲಾಗದ್ದು, ಎರಡೂ ಬಂತು. 'ಕೂಡಿ ಆದದ್ದೆಲ್ಲಾ ತಾಳದ್ದು.' ಹೆಸರೂ ಆಗ್ತದ, ಗುಣವೂ ಆಗ್ತದ. ನಿಮಗ ಒಪ್ಪಿಗಿ ಅದ ಏನ್ರಿ?

ಅವ್ವಗೆ ಓದಿ ಹೇಳಿದೆ. ಇಲ್ಲವಾಗಬೇಕೆಂಬ ನೀರಡಿಕೆಯ ಮಾತು ಬಿಟ್ಟೆ, ನಿಮ್ಮ ಎಚ್ಚರಿಕೆ ನೆನಪಿತ್ತು. ಆಸೆ ಅನ್ನುವುದು ಬರೆದವರ ತಪ್ಪು, ನೀರಡಿಕೆ ಅಂತಿರಬೇಕು, ಗೋಡೆ ಬಿದ್ದದ್ದು ನಿನ್ನಿಂದಲ್ಲ ಎಂದೆ. ಆಮೇಲೆ ಕೇಳಿದಳು.

'ಹಂಗಾರ ನಾ ಚೌಕಟ್ ಬೇಕಂದದ್ದು ಆಸೆನೋ, ನೀರಡಿಕೆನೋ?'

ಆಸೆ ಎಂದು ಸುಳ್ಳೇ ಸಮಾಧಾನ ಹೇಳಬಹುದಿತ್ತು, ಆಕೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಜಮಖಂಡಿ ಬಾಯಾರಿಗೆ ಕೇಳಿ ಹೇಳ್ತೀನವ್ವಾ ಎಂದೆ. ಏನು ಹೇಳಲಿ?

ಧರ್ಮರಾಜ


ಜಮಖಂಡಿ
6 ಮೇ 2002

ಧರ್ಮರಾಜ,

ತಾಳದ್ದು. ಈ ಮಾತನ್ನು ದಿನವಿಡೀ ಬಾಯಲ್ಲಿ ಇಟ್ಟುಕೊಂಡು ಓಡಾಡಿದೆ. ಇದಕ್ಕಿಂತ ಒಳ್ಳೆಯದು ನನಗೆ ಸಿಗುವುದಿಲ್ಲ. ಕಿವಿಗೆ ಹೊಸದು, ಆದ್ದರಿಂದ ಪುಟದ ಕೆಳಗೆ ಎರಡು ಸಾಲು ವಿವರಣೆ ಇಡಿ, ದುಕ್ಖ ಎಂಬ ಪಾಳಿ ಮಾತನ್ನೂ ಪಕ್ಕದಲ್ಲೇ ಉಳಿಸಿ. ಯಾವ ಕನ್ನಡ ಮಾತೂ ಅದನ್ನು ಪೂರ್ತಿ ತುಂಬುವುದಿಲ್ಲ, ತುಂಬಿದೆ ಎಂದು ಓದುವವರಿಗೆ ಅನ್ನಿಸಬಾರದು.

ತಾಯಿಯವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಕೋಶದಲ್ಲಿಯೂ ಇರಲಾರದು. ಅಂಚೆಯಲ್ಲಿ ಕಳಿಸುವಂಥಾದ್ದೂ ಅಲ್ಲ. ಬುದ್ಧ ಪೂರ್ಣಿಮೆಗೆ ನಾನೇ ಬರುತ್ತೇನೆ, ನೀವು ಬೇಡ ಅನ್ನದಿದ್ದರೆ.

ಕೇತಕಿ


ಗಲಗಲಿ
9 ಜೂನ್ 2002

ಕೇತಕಿ ಅಕ್ಕಾರಿಗೆ,

ನೀವು ಹೋದ ಮೇಲೆ ಬರೆಯಬೇಕೆಂದು ದಿನಾ ಕೂಡುತ್ತೇನೆ, ಮತ್ತೆ ಆ ದಿನವನ್ನೇ ನೋಡುತ್ತ ಕೂತುಬಿಡುತ್ತೇನೆ.

ವಿಹಾರದಲ್ಲಿ ನೀವು ಎಲ್ಲರ ಕೂಡ ಚಾಪೆಯ ಮೇಲೆ ಕೂತಿರಿ. ನಾನು ಹೊಸ ಪತ್ರಿಕೆ ಓದಿದೆ. ಅವ್ವ ಬಾಗಿಲ ಹೊರಗೆ ಕೂತಿದ್ದಳು, ಒಳಗೆ ಬರಲಿಲ್ಲ, ಎದ್ದೂ ಹೋಗಲಿಲ್ಲ. ಪಠಣ ಮುಗಿದ ಮೇಲೆ ನೀವಿಬ್ಬರೂ ದಂಡೆಯ ಕಡೆ ನಡೆದಿರಿ. ನಾನು ಬರುತ್ತೇನೆಂದರೆ ನೀವು ಕೈಯಿಂದ ಬೇಡ ಎಂದಿರಿ. ದೂರದಿಂದ ನೋಡಿದೆ, ನೀರು ಬೆಳ್ಳಗೆ ಅಲುಗಾಡದೆ ಬಿದ್ದಿತ್ತು. ನಿಮ್ಮ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಒಮ್ಮೆ ಅವ್ವನ ಕೈ ಮೇಲೆದ್ದು ಎತ್ತರ ತೋರಿಸಿತು. ಏನು ಹೇಳುತ್ತಿದ್ದಾಳೋ ಎಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಂತೆ.

ನಿಮ್ಮನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕೇಳಿದೆ, ಬಾಯಾರು ಏನು ಉತ್ತರ ಹೇಳಿದರು ಎಂದು.

'ಉತ್ತರಾ ಏನೂ ಹೇಳಲಿಲ್ಲಪಾ. ತನಗ ಗೊತ್ತಿಲ್ಲ ಅಂದ್ಳು. ಬಾಳ್ಯಾ ಹೆಂಗಿದ್ದ ಅಂತ ಕೇಳಿದ್ಳು.'

ಅಷ್ಟು ಹೇಳಿ ನಕ್ಕಳು. ಬಾಳೇಶ ಸಣ್ಣವನಿದ್ದಾಗ ಕಣದಲ್ಲಿ ಜೋಳದ ತೆನೆಯ ರಾಶಿ ಹತ್ತಿ ಮಲಗಿ, ಊರೆಲ್ಲಾ ಹುಡುಕಿಸಿದ್ದನ್ನು ನಿಮಗೆ ಹೇಳಿದಳಂತೆ. ಆ ಕಥೆ ನಾನು ಮರೆತೇಬಿಟ್ಟಿದ್ದೆ. ಎರಡು ವರ್ಷ ನಾವು ಮನೆಯಲ್ಲಿ ಅವನ ಸಾವನ್ನಷ್ಟೇ ನೆನೆದೆವು ಅಕ್ಕಾರ. ಅವನನ್ನು ಯಾರೂ ನೆನೆದಿರಲಿಲ್ಲ.

ಆಮೇಲೆ ಸಂಧ್ಯಾಳನ್ನು ಕರೆದು, 'ಎರಡು ರೊಟ್ಟಿ ಹಾಕವಾ, ಹಸದೇತಿ' ಎಂದಳು. ಸಂಧ್ಯಾ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ. ಇನ್ನೂ ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಅಂಥ ದಿನ ನಾನು ಹತ್ತಿರ ಕೂಡುತ್ತೇನೆ, ಏನೂ ತಿಳಿಸಿ ಹೇಳುವುದಿಲ್ಲ.

ನಿಮ್ಮ,
ಧರ್ಮರಾಜ


ಜಮಖಂಡಿ
28 ಆಗಸ್ಟ್ 2002

ಪ್ರಿಯ ಧರ್ಮರಾಜ,

ಫೋನಿನಲ್ಲಿ ಅವಸರದಿಂದ ಹೇಳಿದ್ದನ್ನು ಈಗ ಸಮಾಧಾನವಾಗಿ ಬರೆಯುತ್ತೇನೆ. ಬೂತಿನವನ ಎದುರು ಎಲ್ಲ ಹೇಳಲಿಕ್ಕೆ ಆಗಲಿಲ್ಲ.

ನಿನ್ನೆ ಮಧ್ಯಾಹ್ನ ನಾನು ಕುರ್ಚಿಯಲ್ಲಿ ಎಂದಿನಂತೆ ಅರೆನಿದ್ದೆಯಲ್ಲಿದ್ದೆ. ಯಾರೋ ನನ್ನ ಹೆಸರು ಹಿಡಿದು ಕರೆದಂತಾಯಿತು, ಬಾಯಾರೂ ಇಲ್ಲ, ಅಕ್ಕಾರೂ ಇಲ್ಲ, ಬರೇ ಕೇತಕೀ ಎಂದು. ನನ್ನ ತಾಯಿ ಹೋದ ಮೇಲೆ ಹಾಗೆ ಯಾರೂ ಕರೆದಿಲ್ಲ. ಕನಸೆಂದೇ ಸುಮ್ಮನಿದ್ದೆ. ಮತ್ತೊಮ್ಮೆ ಕೇಳಿಸಿತು. ಎದ್ದು ಹೋಗುವಷ್ಟರಲ್ಲಿ ವೈನಿ ಬಾಗಿಲು ತೆಗೆದಿದ್ದರು. ಮುದಕವ್ವ ನಿಂತಿದ್ದರು, ಕಂಕುಳಲ್ಲಿ ಬಟ್ಟೆಯ ಗಂಟು, ಮುಖದ ತುಂಬ ಬಸ್ಸಿನ ಧೂಳು. ಯಾರಿಗೂ ಹೇಳದೆ ಹೊರಟು ಬಂದಿದ್ದಾರೆ ಎಂದು ಆಮೇಲೆ ತಿಳಿಯಿತು.

ವೈನಿ ಒಂದು ಕ್ಷಣ ಅವರ ಮುಖ ನೋಡಿದರು. ನಿಮ್ಮ ತಾಯಿಯೇ ಮೊದಲು ಮಾತಾಡಿದರು. 'ನಾ ಗಲಗಲಿಯಾಕಿ. ಕೇತಕಿ ಗೆಳತಿ' ಎಂದರು.

ವೈನಿ ಪಕ್ಕಕ್ಕೆ ಸರಿದು ನಿಂತು, 'ಬರ್ರಿ ಒಳಗ, ಬಿಸಲದ' ಎಂದರು.

ರಾತ್ರಿ ಮೂವರೂ ಒಟ್ಟಿಗೆ ಉಂಡೆವು. ವೈನಿಯ ಕೈ ಬಡಿಸುವಾಗ ಸ್ವಲ್ಪ ನಿಧಾನವಾಗಿತ್ತು, ನಿಮ್ಮ ತಾಯಿಯೂ ಅದನ್ನು ನೋಡಿದರು, ನಾನೂ ನೋಡಿದೆ. ಆಮೇಲೆ ಹೋಳಿಗೆಯ ಹೂರಣಕ್ಕೆ ಬೆಲ್ಲ ಎಷ್ಟು ಎಂಬಲ್ಲಿ ಅವರಿಬ್ಬರಿಗೂ ವಾದ ಹತ್ತಿತು. ನಾನು ಕೇಳುತ್ತಾ ಕೂತೆ.

ಈಗ ನಿಮ್ಮ ತಾಯಿ ಹಜಾರದಲ್ಲಿ ಮಲಗಿದ್ದಾರೆ. ಬೆಳಿಗ್ಗೆ ನನಗೆ ಹೇಳಿದರು, ಸೊಸೆ ಸಂಧ್ಯಾಗೆ ಒಂದು ಸೀರೆ, ತಮಗೂ ಒಂದು. ಕೆಂಪು ದಡಿಯದೇ ಆಗಬೇಕು, ಮಗ್ಗದ ಮನೆಗೇ ಹೋಗಿ ಆರಿಸಬೇಕು, ಅಂಗಡಿಯದು ಬೇಡ. ನಾಳೆ ಮುಂಜಾನೆಯ ಬಸ್ಸಿಗೆ ನಾವು ನೇಕಾರರ ಊರು ರಬಕವಿಗೆ ಹೊರಟಿದ್ದೇವೆ, ವೈನಿಯೂ ಬರುತ್ತಾರಂತೆ. ಇಷ್ಟು ದೂರ ಇದೊಂದಕ್ಕೇ ಬಂದಿರಾ ಎಂದು ಕೇಳಿದ್ದಕ್ಕೆ ನಿಮ್ಮ ತಾಯಿ ಕಣ್ಣು ಮುಚ್ಚಿಕೊಂಡೇ ಹೇಳಿದರು.

'ಹೂಂ. ಭಾಳ ಆಸೆ ಆಗೇತಿ.'

ಕೇತಕಿ